ಡಬ್ಬಿ ಹಾಲಿನ ಫೋಟೊ ಓದುವಾಗ: ನೀರು ಎಷ್ಟು, ಚಮಚ ಎಷ್ಟು

(ಉಡುಪಿಯಲ್ಲಿ ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ನಿಮ್ಮಲ್ಲಿ ತುಂಬಾ ಜನರ ಮೊಬೈಲಿನಲ್ಲಿ ಇಂಥ ಫೋಟೊ ಒಂದಾದರೂ ಇದ್ದೇ ಇರುತ್ತದೆ. ಹಾಲಿನ ಪುಡಿಯ ಡಬ್ಬಿ, ಅದರ ಹಿಂಬದಿಯ ಪಟ್ಟಿ, ಕೆಳಗೆ ಒಂದು ಸಾಲು: "ಸಿಸ್ಟರ್, ಇದರಲ್ಲಿ ಎಷ್ಟು ಹಾಕಲಿಕ್ಕೆ ಬರೆದದ್ದು?" ನಾನು ಮಕ್ಕಳ ವಾರ್ಡಿನಲ್ಲಿ ಕೆಲಸ ಮಾಡಿದವಳು. ಈಗಲೂ ವಾರಕ್ಕೆ ಒಂದೆರಡು ಇಂಥ ಫೋಟೊ ಬರುತ್ತವೆ. ಇವತ್ತು ಅಂಥ ಒಂದೇ ಫೋಟೊದ ವಿಷಯ ಹೇಳುತ್ತೇನೆ.

ಮೊದಲೇ ಒಂದು ಮಾತು. ನಾನು ಯಾವ ಕಂಪನಿಯ ಹೆಸರನ್ನೂ ಹೇಳುವುದಿಲ್ಲ. ತಾಯಿಯ ಹಾಲು ಸಿಗುವ ಮಗುವಿಗೆ ಡಬ್ಬಿ ಹಾಲು ಬೇಡ. ನಮ್ಮ ದೇಶದಲ್ಲಿ 1992ರ ಕಾಯ್ದೆಯ ಪ್ರಕಾರ ಡಬ್ಬಿಯ ಮೇಲೇ ಆ ಮಾತನ್ನು ಅಚ್ಚು ಮಾಡಬೇಕು, ಪುಟ್ಟ ಮಗುವಿನ ಚಿತ್ರ ಹಾಕುವಂತಿಲ್ಲ. ನಾನು ಹೇಳುವುದು ಡಾಕ್ಟರು ಬೇಕೇ ಬೇಕೆಂದು ಬರೆದುಕೊಟ್ಟ ಮಗುವಿನ ವಿಷಯ. ಅಂಥ ಮಗುವಿಗೆ ಆ ಡಬ್ಬಿಯೇ ಪೂರ್ತಿ ಊಟ. ಆದ್ದರಿಂದ ಅಳತೆ ತಪ್ಪಿದರೆ ಊಟವೇ ತಪ್ಪಿದ ಹಾಗೆ.

ಕಾಪು ಕಡೆಯ ಒಂದು ಮನೆ. ಮಗುವಿಗೆ ಎರಡೂವರೆ ತಿಂಗಳು. ತಾಯಿಗೆ ಆಪರೇಷನ್ ಆಗಿತ್ತು, ಹಾಲು ಕೊಡುವಂತಿರಲಿಲ್ಲ. ಮಗುವಿನ ಅಪ್ಪ ಗಲ್ಫಿನಲ್ಲಿ. ಊರಿಗೆ ಬರುವ ಸ್ನೇಹಿತನ ಹತ್ತಿರ ಎರಡು ಡಬ್ಬಿ ಕಳಿಸಿದ್ದರು. ಮಳೆಗಾಲ ಅಲ್ವಾ, ಪುಡಿ ಗಂಟು ಕಟ್ಟುತ್ತದೆ ಅಂತ ಅಜ್ಜಿ ಒಂದು ಡಬ್ಬಿಯ ಪುಡಿಯನ್ನು ಸ್ಟೀಲಿನ ಡಬ್ಬಕ್ಕೆ ಸುರಿದರು. ಒಳಗಿದ್ದ ಪ್ಲಾಸ್ಟಿಕ್ ಚಮಚವನ್ನೂ ಅದಕ್ಕೇ ಹಾಕಿದರು. ಖಾಲಿ ಡಬ್ಬಿ ಗುಜರಿಗೆ ಹೋಯಿತು. ಆ ಡಬ್ಬಿಯದ್ದೆಂದು ಉಳಿದದ್ದು ಅಪ್ಪನ ಮೊಬೈಲಿನಲ್ಲಿದ್ದ ಒಂದೇ ಫೋಟೊ. ಅದೂ ಅರಬ್ಬಿ ಅಕ್ಷರದ ಬದಿಯದ್ದು.

ಅವರಿಗೆ ಅರಬ್ಬಿ ಅಂಕಿಗಳು ಗೊತ್ತು, ಅಂಗಡಿಯಲ್ಲಿ ದಿನಾ ನೋಡುತ್ತಾರೆ. ಅಕ್ಷರ ಓದಲಿಕ್ಕೆ ಬರುವುದಿಲ್ಲ. ಎರಡು ತಿಂಗಳ ಮಗುವಿನ ಸಾಲು ನೋಡಿ ಮನೆಗೆ ಬರೆದು ಕಳಿಸಿದರು: "120 ನೀರು, 6 ಚಮಚ, ದಿನಕ್ಕೆ 4 ಸಲ."

ಹತ್ತು ದಿನ ಕಳೆದ ಮೇಲೆ ಆ ಊರಿನ ಆಶಾ ಕಾರ್ಯಕರ್ತೆ ನನಗೆ ಫೋನ್ ಮಾಡಿದರು. ಮಗು ತುಂಬಾ ಅಳುತ್ತದೆ. ಮಲ ಗಟ್ಟಿ, ಗುಂಡು ಗುಂಡು. ಮೂತ್ರ ಕಡಿಮೆ, ಬಟ್ಟೆಯಲ್ಲಿ ಹಳದಿ ಕಲೆ. ಹಾಲು ಕೊಟ್ಟ ಸ್ವಲ್ಪ ಹೊತ್ತಿಗೆ ಮತ್ತೆ ಬಾಯಿ ಚಪ್ಪರಿಸುತ್ತದೆ. ಹಸಿವೆ ಎಂದು ಮನೆಯವರು ಅದೇ ಹಾಲನ್ನು ಮತ್ತೆ ಕೊಡುತ್ತಿದ್ದರು. ಅದು ಹಸಿವೆ ಅಲ್ಲ, ಬಾಯಾರಿಕೆ. "ಇವತ್ತೇ ಡಾಕ್ಟರಿಗೆ ತೋರಿಸಿ, ಮತ್ತೆ ಆ ಫೋಟೊ ನನಗೂ ಕಳಿಸಿ" ಎಂದೆ.

ಫೋಟೊ ಬಂತು. ಅದನ್ನು ಓದುವಾಗ ನಾನೂ ಮೊದಲು ತಪ್ಪಿದೆ. ಅರಬ್ಬಿಯ ಆರು ನಮ್ಮ ಕಣ್ಣಿಗೆ ಇಂಗ್ಲಿಷಿನ 7ರ ಹಾಗೆ ಕಾಣುತ್ತದೆ. ಅವರ ಏಳು ಅಂದರೆ ಇಂಗ್ಲಿಷಿನ ವಿ ಅಕ್ಷರದ ಆಕಾರ, ಎಂಟು ಅಂದರೆ ಅದನ್ನೇ ತಲೆಕೆಳಗು ಮಾಡಿದ್ದು. ಐದು ಒಂದು ಸಣ್ಣ ಸುತ್ತು, ನಮ್ಮ ಸೊನ್ನೆಯ ಹಾಗೆ. ಅವರ ಸೊನ್ನೆ ಬರೀ ಒಂದು ಚುಕ್ಕೆ. ಹಾಗಾಗಿ 150 ಎಂದು ಬರೆದದ್ದು ಗೊತ್ತಿಲ್ಲದವರಿಗೆ 10 ಮತ್ತು ಪಕ್ಕದಲ್ಲಿ ಒಂದು ಚುಕ್ಕೆ ಎಂದು ಕಾಣುತ್ತದೆ. ಫೋಟೊ ಮಸುಕಾಗಿದ್ದರೆ ಆ ಚುಕ್ಕೆಯೂ ಹೋಗುತ್ತದೆ. ಎರಡು ಮತ್ತು ಮೂರರ ನಡುವೆ ಇರುವುದು ಒಂದೇ ಹಲ್ಲಿನ ವ್ಯತ್ಯಾಸ.

ಆದರೆ ಆ ಅಪ್ಪನಿಗೆ ಅಂಕಿ ಗೊತ್ತಿತ್ತಲ್ಲ, ಹಾಗಾದರೆ ತಪ್ಪಿದ್ದು ಎಲ್ಲಿ? ಪಟ್ಟಿಯ ಕಂಬಗಳ ಕ್ರಮದಲ್ಲಿ. ಅರಬ್ಬಿ ಪಟ್ಟಿ ಬಲದಿಂದ ಎಡಕ್ಕೆ ಹೋಗುತ್ತದೆ. ಬಲ ತುದಿಯಲ್ಲಿ ಮಗುವಿನ ವಯಸ್ಸು, ಅದರ ಎಡಕ್ಕೆ ನೀರು, ಆಮೇಲೆ ಚಮಚ, ಕೊನೆಗೆ ದಿನಕ್ಕೆ ಎಷ್ಟು ಸಲ. ಒಂದು ಸಂಖ್ಯೆಯ ಒಳಗಿನ ಅಂಕಿಗಳು ಮಾತ್ರ ನಮ್ಮ ಹಾಗೆಯೇ ಎಡದಿಂದ ಬಲಕ್ಕೆ. 120 ಅಂದರೆ 120ಏ. ಅದಕ್ಕೇ ಮೋಸ ಹೋಗುವುದು: ಸಂಖ್ಯೆ ಸರಿಯಾಗಿ ಓದುತ್ತೇವೆ, ಪಟ್ಟಿ ತಿರುವಿ ಓದುತ್ತೇವೆ. ಆ ಸಾಲಿನಲ್ಲಿ ಎಡದಿಂದ 6, 4, 120 ಎಂದು ಇತ್ತು. ಅವರು ಮೊದಲು ಕಂಡ 6ನ್ನು ಚಮಚ ಅಂದುಕೊಂಡರು, 4ನ್ನು ಸಲ ಅಂದುಕೊಂಡರು. ನಿಜಕ್ಕೂ ಇದ್ದದ್ದು 120 ಮಿ.ಲೀ. ನೀರಿಗೆ 4 ಚಮಚ, ದಿನಕ್ಕೆ 6 ಸಲ. ಮಗು ಹತ್ತು ದಿನ ಒಂದೂವರೆ ಪಟ್ಟು ಗಟ್ಟಿ ಹಾಲು ಕುಡಿದಿತ್ತು.

ಅರಬ್ಬಿ ಗೊತ್ತಿಲ್ಲದೆ ಇದನ್ನು ಹಿಡಿಯುವುದು ಹೇಗೆ? ಒಂದು ಸಣ್ಣ ಭಾಗಾಕಾರ ಸಾಕು. ಪ್ರತಿ ಸಾಲಿನಲ್ಲೂ ನೀರನ್ನು ಚಮಚದಿಂದ ಭಾಗಿಸಿ. ಒಂದು ಡಬ್ಬಿಗೆ ಒಂದೇ ಚಮಚ, ಒಂದೇ ಹದ. ಆದ್ದರಿಂದ ಉತ್ತರ ಎಲ್ಲಾ ಸಾಲಿನಲ್ಲೂ ಒಂದೇ ಬರಬೇಕು. ಆ ಪಟ್ಟಿಯಲ್ಲಿ ನೀರು 90, 120, 150, 180. ಚಮಚ 3, 4, 5, 6. ಯಾವುದನ್ನು ಭಾಗಿಸಿದರೂ 30. ಈಗ ಆ ಅಪ್ಪ ಓದಿದ ಹಾಗೆ ಓದಿ. ಸಲದ ಕಂಬದಲ್ಲಿ ಇದ್ದದ್ದು 7, 6, 5, 5. ಭಾಗಿಸಿದರೆ ಸುಮಾರು 13, ಆಮೇಲೆ 20, ಆಮೇಲೆ 30, ಆಮೇಲೆ 36. ಹೀಗೆ ಏರುತ್ತಾ ಹೋಗುವ ಹದ ಯಾವ ಡಬ್ಬಿಯಲ್ಲೂ ಇರುವುದಿಲ್ಲ. ಒಂದು ವಿಷಯ ಗಮನಿಸಿ, ಮೂರನೇ ಸಾಲಿನಲ್ಲಿ ತಪ್ಪು ಓದಿದರೂ 30ಏ ಬಂತು. ಹಾಗಾಗಿ ಒಂದು ಸಾಲು ಭಾಗಿಸಿ ಸರಿ ಉಂಟು ಎಂದು ಬಿಡಬೇಡಿ. ಎಲ್ಲಾ ಸಾಲು ನೋಡಿ.

ಇಲ್ಲಿ ಒಬ್ಬರು ಕೈ ಎತ್ತಿ ಕೇಳಿದರು: "ಸಿಸ್ಟರ್, ಹಾಗಾದರೆ 30ಕ್ಕೆ ಒಂದು ಚಮಚ ಅಂತ ಬಾಯಿಪಾಠ ಮಾಡಿದರೆ ಆಯಿತಲ್ಲ?" ಬೇಡ. ಅದೇ ದೊಡ್ಡ ಅಪಾಯ. ನಮ್ಮಲ್ಲಿ ಸಿಗುವ ಹೆಚ್ಚಿನ ಡಬ್ಬಿಗಳಲ್ಲಿ 30 ಮಿ.ಲೀ. ನೀರಿಗೆ ಒಂದು ಚಮಚ, ನಿಜ. ಆದರೆ ಅಮೆರಿಕದಿಂದ ತಂದ ಡಬ್ಬಿಗಳಲ್ಲಿ ಸಾಮಾನ್ಯವಾಗಿ 60 ಮಿ.ಲೀ.ಗೆ ಒಂದು ಚಮಚ. ಅಲ್ಲಿ ಅದನ್ನು 2 ಔನ್ಸ್ ಎಂದು ಬರೆದಿರುತ್ತಾರೆ. ಆಸ್ಟ್ರೇಲಿಯಾದ ಡಬ್ಬಿಗಳಲ್ಲಿ 50ಕ್ಕೆ ಒಂದು ಇರುವುದೂ ಉಂಟು. ಕಾರಣ ಇಷ್ಟೇ, ಆ ಚಮಚಗಳೇ ದೊಡ್ಡವು.

ಲೆಕ್ಕ ಮಾಡಿ ನೋಡೋಣ. ಸಣ್ಣ ಚಮಚದಲ್ಲಿ ಸುಮಾರು ನಾಲ್ಕೂವರೆ ಗ್ರಾಂ ಪುಡಿ ಹಿಡಿಯುತ್ತದೆ ಎಂದು ಇಟ್ಟುಕೊಳ್ಳಿ, ದೊಡ್ಡದರಲ್ಲಿ ಸುಮಾರು ಒಂಬತ್ತು. 120 ಮಿ.ಲೀ. ನೀರಿಗೆ ಸಣ್ಣದು ನಾಲ್ಕು ಅಂದರೆ 18 ಗ್ರಾಂ, ದೊಡ್ಡದು ಎರಡು ಅಂದರೂ 18 ಗ್ರಾಂ. ಎರಡೂ ಸರಿ. ಆದರೆ ಹಳೇ ಅಭ್ಯಾಸದಲ್ಲಿ ದೊಡ್ಡ ಚಮಚವನ್ನು ನಾಲ್ಕು ಸಲ ಹಾಕಿದರೆ 36 ಗ್ರಾಂ, ಎರಡು ಪಟ್ಟು ಗಟ್ಟಿ. ಅಮೆರಿಕದ ಪಟ್ಟಿ ನೋಡಿ ಇಲ್ಲಿಯ ಸಣ್ಣ ಚಮಚವನ್ನು ಎರಡೇ ಸಲ ಹಾಕಿದರೆ 9 ಗ್ರಾಂ, ಅರ್ಧಕ್ಕರ್ಧ ನೀರು.

ಗಟ್ಟಿಯಾದರೆ ಏನಾಗುತ್ತದೆ ಎಂದು ಕಾಪುವಿನ ಮಗುವಿನಲ್ಲಿ ನೋಡಿದೆವು. ಅಷ್ಟು ಉಪ್ಪಿನಂಶ, ಪ್ರೊಟೀನು ಹೊರಹಾಕಲಿಕ್ಕೆ ಎಳೆ ಮೂತ್ರಪಿಂಡಕ್ಕೆ ನೀರು ಸಾಲದು. ಮೈಯಲ್ಲಿದ್ದ ನೀರೇ ಖರ್ಚಾಗುತ್ತದೆ, ರಕ್ತದಲ್ಲಿ ಸೋಡಿಯಂ ಏರುತ್ತದೆ. ತೆಳುವಾದರೆ ಉಲ್ಟಾ. ಮಗು ಹೊಟ್ಟೆ ತುಂಬಾ ಕುಡಿಯುತ್ತದೆ, ಅಳುವುದೂ ಇಲ್ಲ, ತೂಕ ಮಾತ್ರ ಏರುವುದಿಲ್ಲ. ಸೋಡಿಯಂ ತೀರಾ ಇಳಿದರೆ ಫಿಟ್ಸ್ ಕೂಡ ಬರಬಹುದು. ಸುಮ್ಮನಿರುವ ಮಗುವಿನ ತೂಕವನ್ನೂ ನೋಡಿ ಎಂದು ನಾನು ಹೇಳುವುದು ಅದಕ್ಕೇ.

ನಮ್ಮ ಅಡುಗೆಮನೆಯ ಅಭ್ಯಾಸವೂ ಇಲ್ಲಿ ಅಡ್ಡ ಬರುತ್ತದೆ. ಗಂಜಿ ಇವತ್ತು ಗಟ್ಟಿ, ನಾಳೆ ತೆಳಿ ಜಾಸ್ತಿ, ಯಾರಿಗೂ ತೊಂದರೆ ಇಲ್ಲ. ಹಾಗೆಯೇ ಅಜ್ಜಿಯಂದಿರು "ಮಗು ಸಣಕಲು, ಇನ್ನೊಂದು ಅರ್ಧ ಚಮಚ ಇರಲಿ" ಎನ್ನುತ್ತಾರೆ. ಪ್ರೀತಿಯಿಂದಲೇ ಹೇಳುವುದು. ಅವರಿಗೆ ನಾನು ಹೇಳುವುದು, "ಅಮ್ಮಾ, ಇದು ಗಂಜಿಯ ಹಾಗಲ್ಲ, ಮದ್ದಿನ ಹಾಗೆ ಅಳೆಯುವಂಥದ್ದು." ಅಷ್ಟು ಹೇಳಿದರೆ ಅವರಿಗೆ ಬೇಗ ತಿಳಿಯುತ್ತದೆ.

ಇನ್ನು ಫೋಟೊದಲ್ಲಿರುವುದನ್ನು ಕನ್ನಡದಲ್ಲಿ ಬರೆದುಕೊಡುವಾಗ ಜಾರುವ ಜಾಗಗಳು. "ಚಮಚ" ಎಂದು ಮಾತ್ರ ಬರೆದರೆ ಅಡುಗೆಮನೆಯ ಚಮಚ ಬರುತ್ತದೆ. "ಇದೇ ಡಬ್ಬಿಯ ಒಳಗಿದ್ದ ಚಮಚ" ಎಂದು ಬರೆಯಿರಿ. ಡಬ್ಬಿ ಹೇಳುವುದು ತಲೆ ತಟ್ಟಿದ ಚಮಚ. ನಾವು "ಚಮಚ ತುಂಬಾ" ಎಂದರೆ ಮನೆಯಲ್ಲಿ ಗೋಪುರ ಕಟ್ಟುತ್ತಾರೆ. "ಪುಡಿಯನ್ನು ಒತ್ತಬೇಡಿ, ಒಣಗಿದ ಚಾಕುವಿನ ಬೆನ್ನಿನಿಂದ ಸಮ ಮಾಡಿ" ಎಂದೇ ಬರೆಯಬೇಕು.

ಆಮೇಲೆ ನೀರು ಮೊದಲು, ಪುಡಿ ಆಮೇಲೆ. ಇದನ್ನು ಅಡಿಗೆರೆ ಹಾಕಿ ಬರೆಯಿರಿ. ಯಾಕೆ ಗೊತ್ತಾ? ಪುಡಿಯೂ ಜಾಗ ಹಿಡಿಯುತ್ತದೆ. 120 ಮಿ.ಲೀ. ನೀರಿಗೆ 4 ಚಮಚ ಹಾಕಿದರೆ ಹಾಲು ಸುಮಾರು 135 ಮಿ.ಲೀ. ಆಗುತ್ತದೆ. ಮೊದಲು ಪುಡಿ ಹಾಕಿ 120ರ ಗೆರೆಯವರೆಗೆ ನೀರು ಹೊಯ್ದರೆ ನೀರು 105ರ ಆಸುಪಾಸು ಮಾತ್ರ ಹೋಗಿರುತ್ತದೆ. ಕೆಲವು ಡಬ್ಬಿಗಳ ಪಟ್ಟಿಯಲ್ಲಿ ಎರಡು ಮಿ.ಲೀ. ಕಂಬ ಇರುತ್ತದೆ, ಒಂದು ನೀರಿನದ್ದು, ಒಂದು ತಯಾರಾದ ಹಾಲಿನದ್ದು. ಫೋಟೊದಲ್ಲಿ ಒಂದು ಕಂಬ ಕತ್ತರಿಸಿ ಹೋಗಿದ್ದರೆ ಉಳಿದದ್ದು ಯಾವುದು ಎಂದು ಕೇಳಿಯೇ ಮುಂದೆ ಹೋಗಿ. ಚಮಚದಿಂದ ಭಾಗಿಸಿದಾಗ ಮೂವತ್ತಮೂರು, ಮೂವತ್ತನಾಲ್ಕು ಹೀಗೆ ಒರಟು ಸಂಖ್ಯೆ ಬಂದರೆ ಅದು ಹಾಲಿನ ಕಂಬ ಇರಬಹುದು ಎಂದು ಸಂಶಯ ಪಡಿ.

ಕಂಬ ಕತ್ತರಿಸಿ ಹೋಗುವುದಕ್ಕೆ ಡಬ್ಬಿ ಉರುಟಾಗಿರುವುದೇ ಕಾರಣ. ಒಂದೇ ಫೋಟೊದಲ್ಲಿ ಪೂರ್ತಿ ಪಟ್ಟಿ ಸಿಗುವುದಿಲ್ಲ. ಡಬ್ಬಿಯನ್ನು ಸ್ವಲ್ಪ ಸ್ವಲ್ಪ ತಿರುಗಿಸಿ ಮೂರು ನಾಲ್ಕು ಫೋಟೊ ತೆಗೆಯಲು ಹೇಳಿ. ಒಂದರ ಅಂಚು ಇನ್ನೊಂದರಲ್ಲೂ ಕಾಣಬೇಕು. ಟ್ಯೂಬ್‌ಲೈಟಿನ ಹೊಳಪು ಬೀಳದಂತೆ ಕಿಟಕಿಯ ಹತ್ತಿರ ಹಗಲು ಬೆಳಕಿನಲ್ಲಿ ತೆಗೆಯಲಿ. ಪಟ್ಟಿಯ ಕೆಳಗೆ ನಕ್ಷತ್ರ ಗುರುತಿನ ಸಣ್ಣ ಅಕ್ಷರ, ತಳದಲ್ಲಿರುವ ಮುಗಿಯುವ ದಿನಾಂಕ, ಬ್ಯಾಚ್ ನಂಬರು, ಇವೂ ಬೇಕು. ವಾಟ್ಸಾಪಿನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿದರೆ ಅಕ್ಷರ ಒಡೆಯುವುದಿಲ್ಲ. ಮತ್ತೆ ಜೊತೆಗೆ ಆ ಚಮಚದ ಫೋಟೊ ಕೂಡ ಕೇಳಿ. ಹಳೇ ಡಬ್ಬಿಯ ಚಮಚ ಹೊಸದರಲ್ಲಿ ಕೂತಿರುವುದನ್ನು ನಾನು ಎರಡು ಮನೆಯಲ್ಲಿ ನೋಡಿದ್ದೇನೆ.

ಈಗ ನೀರಿನ ಬಿಸಿ. ಎಚ್ಚರಿಕೆಯ ಮಾತುಗಳು ಅತಿ ಹೆಚ್ಚು ಸವೆದುಹೋಗುವುದು ಇಲ್ಲಿಯೇ. ಡಬ್ಬಿಯನ್ನು ಎಷ್ಟೇ ಚೆನ್ನಾಗಿ ಸೀಲ್ ಮಾಡಿದ್ದರೂ ಒಳಗಿನ ಪುಡಿ ಕ್ರಿಮಿ ಇಲ್ಲದ್ದಲ್ಲ. ಕ್ರೋನೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಒಣ ಪುಡಿಯಲ್ಲೂ ಬದುಕಿರಬಲ್ಲದು. ಅಪರೂಪಕ್ಕೆ ಬರುವ ಕಾಯಿಲೆ, ಆದರೆ ಎರಡು ತಿಂಗಳೊಳಗಿನ ಅಥವಾ ತಿಂಗಳು ತುಂಬದೆ ಹುಟ್ಟಿದ ಮಕ್ಕಳಿಗೆ ರಕ್ತಕ್ಕೆ, ಮೆದುಳಿನ ಪೊರೆಗೆ ಹರಡಿ ಪ್ರಾಣಕ್ಕೇ ಬರುತ್ತದೆ. ಅದಕ್ಕೆ ವಿಶ್ವ ಆರೋಗ್ಯ ಸಂಸ್ಥೆ 2007ರ ಮಾರ್ಗಸೂಚಿಯಲ್ಲಿ ಸ್ಪಷ್ಟವಾಗಿ ಹೇಳಿತು: ಪುಡಿ ಹಾಕುವಾಗ ನೀರು 70 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಇರಬಾರದು. ಕುದಿಸಿದ ಮೇಲೆ 30 ನಿಮಿಷಕ್ಕಿಂತ ಹೆಚ್ಚು ಆರಲು ಬಿಡಬಾರದು.

ಇದನ್ನು ಯಾರೋ "ಕುದಿಸಿ ಆರಿಸಿದ ನೀರು" ಎಂದು ಕನ್ನಡಕ್ಕೆ ತಂದರೆ ಏನಾಗುತ್ತದೆ? ನಮ್ಮ ಮನೆಗಳಲ್ಲಿ ಕುದಿಸಿ ಆರಿಸಿದ ನೀರು ಅಂದರೆ ಬೆಳಿಗ್ಗೆ ಕಾಯಿಸಿ ಪಾತ್ರೆಯಲ್ಲಿ ಮುಚ್ಚಿಟ್ಟದ್ದು. ಸಂಜೆಯೂ ಅದೇ. ಪುಡಿಯಲ್ಲಿರುವ ಕ್ರಿಮಿಗೆ ಆ ನೀರು ಏನೂ ಮಾಡುವುದಿಲ್ಲ. "ಬಿಸಿನೀರು" ಎಂದು ಬರೆದರೂ ಸಾಲದು, ನಮಗೆ ಕುಡಿಯುವ ಬೆಚ್ಚಗಿನ ನೀರೂ ಬಿಸಿನೀರೇ. ಸಂಖ್ಯೆಯನ್ನೇ ಬರೆಯಿರಿ.

ಥರ್ಮಾಮೀಟರ್ ಎಲ್ಲಿ ಉಂಟು ಎಂದು ಕೇಳುತ್ತೀರಿ. ಅದಕ್ಕೇ 30 ನಿಮಿಷದ ಲೆಕ್ಕ. ಆದರೆ ಅದರ ಹಿಂದೆ ಇನ್ನೊಂದು ಲೆಕ್ಕ ಇದೆ: ಕನಿಷ್ಠ ಒಂದು ಲೀಟರ್ ನೀರು ಕುದಿಸಿ, ಮುಚ್ಚಿಟ್ಟರೆ ಮಾತ್ರ ಅರ್ಧ ಗಂಟೆಗೆ ಅದು 70ರ ಆಸುಪಾಸು ಇರುತ್ತದೆ. ಒಂದು ಲೋಟ ನೀರು ಮಾತ್ರ ಕುದಿಸಿದರೆ ಅದು ಹತ್ತು ನಿಮಿಷದಲ್ಲೇ ಅದಕ್ಕಿಂತ ಇಳಿದಿರಬಹುದು. ಗುಳ್ಳೆ ಉಕ್ಕಿ ಉಕ್ಕಿ ಕುದಿಯಬೇಕು, ಆಮೇಲೆ ಗಡಿಯಾರ ನೋಡಿ.

ಇಲ್ಲಿ ಒಂದು ತೊಡಕು ಉಂಟು, ಮುಚ್ಚಿಡುವುದಿಲ್ಲ. ಕೆಲವು ಡಬ್ಬಿಗಳಲ್ಲಿ "ಉಗುರು ಬೆಚ್ಚಗಾಗುವವರೆಗೆ ತಣಿಸಿ, ಆಮೇಲೆ ಪುಡಿ ಹಾಕಿ" ಎಂದೇ ಇರುತ್ತದೆ. ಫೋಟೊದಲ್ಲಿ ಹಾಗೆ ಇದ್ದರೆ ನೀವು ಅದನ್ನು ಅಳಿಸಿ 70 ಎಂದು ಬರೆಯಬೇಡಿ, 70 ಗೊತ್ತಿದ್ದೂ ಸುಮ್ನೆ ಇರಬೇಡಿ. ಡಬ್ಬಿ ಹೇಳಿದ್ದನ್ನು ಇದ್ದ ಹಾಗೆ ಬರೆದು, ಮಗುವಿನ ವಯಸ್ಸು, ಹುಟ್ಟಿದಾಗಿನ ತೂಕ ಹೇಳಿ, ಮಕ್ಕಳ ಡಾಕ್ಟರನ್ನು ಕೇಳಿ. ಎಳೆ ಮಗುವಾದರೆ ಈ ಪ್ರಶ್ನೆಯನ್ನು ನಾಳೆಗೆ ಇಡಬೇಡಿ.

ಬಿಸಿ ನೀರಿನಲ್ಲಿ ಕಲಸಿದ ಹಾಲನ್ನು ಹಾಗೇ ಕೊಡುವಂತಿಲ್ಲ. ಮುಚ್ಚಳ ಹಾಕಿ, ನಲ್ಲಿಯ ನೀರಿನ ಕೆಳಗೆ ಹಿಡಿದು ಅಥವಾ ತಣ್ಣೀರಿನ ಪಾತ್ರೆಯಲ್ಲಿಟ್ಟು ಬೇಗ ತಣಿಸಿ. ಹೊರಗಿನ ನೀರು ಮುಚ್ಚಳಕ್ಕೆ ಮುಟ್ಟಬಾರದು. ಮಣಿಕಟ್ಟಿನ ಒಳಬದಿಗೆ ಒಂದು ಹನಿ ಬಿಟ್ಟು ನೋಡಿ.

ನಮ್ಮ ಕರಾವಳಿಯದ್ದೇ ಒಂದು ಮಾತು. ಎಪ್ರಿಲ್, ಮೇ ಬಂತೆಂದರೆ ಸಮುದ್ರದ, ಹೊಳೆಬಾಯಿಯ ಹತ್ತಿರದ ಬಾವಿಗಳಲ್ಲಿ ನೀರು ಉಪ್ಪಾಗುತ್ತದೆ. ಕುದಿಸಿದರೆ ಕ್ರಿಮಿ ಸಾಯುತ್ತದೆ, ಉಪ್ಪು ಹೋಗುವುದಿಲ್ಲ. ಆ ನೀರಿನಲ್ಲಿ ಸರಿಯಾಗಿ 4 ಚಮಚ ಹಾಕಿದರೂ ಮಗುವಿಗೆ ಸೋಡಿಯಂ ಜಾಸ್ತಿಯೇ ಹೋಗುತ್ತದೆ. ಬಾಯಿಗೆ ಉಪ್ಪು ಎನಿಸಿದ ನೀರನ್ನು ಡಬ್ಬಿ ಹಾಲಿಗೆ ಬಳಸಬೇಡಿ.

ಸಮಯದ ಎಚ್ಚರಿಕೆಗಳಲ್ಲಿ ಎರಡು ಬೇರೆ ಬೇರೆ ಗಡಿಯಾರ ಇವೆ, ಅವು ಬೆರೆತು ಹೋಗುತ್ತವೆ. ಕಲಸಿದ ಹಾಲನ್ನು ಹೊರಗಿಟ್ಟರೆ 2 ಗಂಟೆಯೊಳಗೆ ಕೊಟ್ಟು ಮುಗಿಸಬೇಕು, ಇಲ್ಲದಿದ್ದರೆ ಚೆಲ್ಲಬೇಕು. ಇದು ಮಗು ಬಾಯಿ ಹಾಕದ ಹಾಲಿಗೆ. ಮಗು ಕುಡಿದು ಬಿಟ್ಟದ್ದಕ್ಕೆ ಆ 2 ಗಂಟೆ ಅನ್ವಯವಾಗುವುದಿಲ್ಲ. ಜೊಲ್ಲು ಸೇರಿದ ಹಾಲಿನಲ್ಲಿ ಕ್ರಿಮಿ ಬೇಗ ಬೆಳೆಯುತ್ತದೆ. ಉಳಿದದ್ದನ್ನು ಮುಂದಿನ ಸಲಕ್ಕೆ ಇಡದೆ ಚೆಲ್ಲಿ. ಡಬ್ಬಿಯಲ್ಲಿ ಇದಕ್ಕಿಂತ ಕಡಿಮೆ ಸಮಯ ಬರೆದಿದ್ದರೆ ಡಬ್ಬಿಯ ಮಾತೇ ನಡೆಯಲಿ. ಬಾಟಲಿ ತೊಳೆಯುವುದು ಕಷ್ಟ, ಮೂಲೆಯಲ್ಲಿ ಹಾಲು ನಿಲ್ಲುತ್ತದೆ. ಒಳಲೆ ಅಥವಾ ಸಣ್ಣ ಸ್ಟೀಲ್ ಲೋಟ ಒಳ್ಳೆಯದು. ಅದನ್ನೂ ತೊಳೆದ ಮೇಲೆ ನೀರಿನಲ್ಲಿ ಪೂರ್ತಿ ಮುಳುಗಿಸಿ ಕುದಿಸಬೇಕು.

ಕಾಪುವಿನ ಮನೆಗೆ ಕೊನೆಗೆ ಏನು ಮಾಡಿದೆವು ಹೇಳುತ್ತೇನೆ. ಸ್ಟೀಲ್ ಡಬ್ಬದ ಪುಡಿಯನ್ನು ಬಿಡಿಸಿದೆವು. ಯಾವ ದಿನ ತೆರೆದದ್ದು, ಯಾವ ದಿನಾಂಕಕ್ಕೆ ಮುಗಿಯುವುದು ಎಂದು ಯಾರಿಗೂ ಗೊತ್ತಿರಲಿಲ್ಲ. ತೆರೆಯದೆ ಇದ್ದ ಎರಡನೇ ಡಬ್ಬಿಯನ್ನು ಡಾಕ್ಟರಿಗೆ ತೋರಿಸಿ, ಅವರು ಆಗಬಹುದು ಎಂದ ಮೇಲೆ ಒಂದು ಚೀಟಿ ಬರೆದು ಒಲೆಯ ಹತ್ತಿರ ಅಂಟಿಸಿದೆ. ಅದರಲ್ಲಿ ಇದ್ದದ್ದು ಇಷ್ಟು:

"ಕೈ ಸೋಪಿನಲ್ಲಿ ತೊಳೆಯಿರಿ. ಒಂದು ಲೀಟರ್ ನೀರು ಕುದಿಸಿ ಮುಚ್ಚಿಡಿ, 30 ನಿಮಿಷ ದಾಟಬಾರದು. ಮೊದಲು ನೀರು 120 ಮಿ.ಲೀ. ಆಮೇಲೆ ಇದೇ ಡಬ್ಬಿಯ ಚಮಚದಲ್ಲಿ ತಲೆ ತಟ್ಟಿ 4. ಹೆಚ್ಚು ಬೇಡ, ಕಡಿಮೆ ಬೇಡ. ತಣಿಸಿ, ಕೈಗೆ ಬಿಟ್ಟು ನೋಡಿ ಕೊಡಿ. 2 ಗಂಟೆ ಆದರೆ ಚೆಲ್ಲಿ. ಕುಡಿದು ಉಳಿದದ್ದನ್ನು ಆಗಲೇ ಚೆಲ್ಲಿ. ಪುಡಿ ಡಬ್ಬಿಯಲ್ಲೇ ಇರಲಿ, ಫ್ರಿಜ್ಜಿನಲ್ಲಿ ಬೇಡ. ತೆರೆದ ದಿನ ಮುಚ್ಚಳದ ಮೇಲೆ ಬರೆಯಿರಿ, ಡಬ್ಬಿ ಹೇಳಿದ ದಿನದೊಳಗೆ ಮುಗಿಸಿ."

ಚೀಟಿಯ ಮೇಲೆ ಡಬ್ಬಿಯ ಹೆಸರನ್ನೂ ಬರೆದಿದ್ದೆ, ಬೇರೆ ಡಬ್ಬಿ ಬಂದ ದಿನ ಈ ಚೀಟಿ ಹರಿಯಬೇಕು ಎಂದೂ ಬರೆದಿದ್ದೆ. ಮಗು ಆಸ್ಪತ್ರೆಯಲ್ಲಿ ಎರಡು ದಿನ ಇತ್ತು, ಆಮೇಲೆ ಸರಿಯಾಯಿತು. ಅಪ್ಪನಿಗೆ ನಾನೇ ಫೋನ್ ಮಾಡಿದೆ. ಅವರಿಗೆ ತುಂಬಾ ಬೇಜಾರಾಗಿತ್ತು. ನಿಮ್ಮ ಅಂಕಿ ತಪ್ಪಿರಲಿಲ್ಲ, ಪಟ್ಟಿ ಓದುವ ದಿಕ್ಕು ಮಾತ್ರ ತಪ್ಪಿತ್ತು ಎಂದು ಹೇಳಿದೆ.

ಕೊನೆಗೆ ಒಬ್ಬರು ಕೇಳಿದ ಪ್ರಶ್ನೆ: "ಅಕ್ಕ, ಚಮಚ ಕಳೆದುಹೋದರೆ ಎಂತ ಮಾಡುವುದು?" ಅಂದಾಜಿನಲ್ಲಿ ಬೇರೆ ಚಮಚ ಹಾಕಬೇಡಿ. ಬೇರೆ ಕಂಪನಿಯ ಚಮಚವೂ ಆಗುವುದಿಲ್ಲ. ಅದೇ ಹೆಸರಿನ, ಅದೇ ಹಂತದ ಹೊಸ ಡಬ್ಬಿಯ ಚಮಚವೇ ಬೇಕು. ಹಂತ ಅಂದರೆ ಡಬ್ಬಿಯ ಮೇಲೆ ದೊಡ್ಡದಾಗಿ 1, 2 ಎಂದು ಇರುತ್ತದಲ್ಲ, ಅದು. ಅದು ಮಗುವಿನ ವಯಸ್ಸಿಗೆ, ಚಮಚದ ಸಂಖ್ಯೆ ಅಲ್ಲ. ಅದನ್ನೂ ಒಬ್ಬರು "2 ಚಮಚ" ಎಂದು ಓದಿದ್ದರು.